ಬಂದ್ರಾ ಸಾಹೇಬ್ರು?

ಪ್ರೀತಿಯ ತಂಗಿ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ಗಾಂಧಿ ಬಜಾರಿನ ದರ್ಶಿನಿಯಲ್ಲಿ ಇಬ್ಬರು ಗೆಳೆಯರು ಸೇರುವ ಭಾಗದಲ್ಲಿ ನಿಂತುಬಿಟ್ಟೆ. ಒಬ್ಬ ಮುಕ್ಕಾಲು ಗಂಟೆ ತಡವಾಗಿ ಬರುತ್ತಾನೆ. ಕಾದು ನಿಂತವನು, "ಬಂದ್ರಾ ಸಾಹೇಬ್ರು? ಇನ್ನೊಂದು ನಿದ್ದೆ ತೆಗೆದು ಬರಬಹುದಿತ್ತಲ್ಲ!" ಅನ್ನುತ್ತಾನೆ. ಅಲ್ಲಿಯವರೆಗೆ ಚೆನ್ನಾಗಿದೆ. ಅದರ ಹಿಂದೆಯೇ ನೀನು "ಎಂದು ವ್ಯಂಗ್ಯವಾಗಿ, ಆದರೆ ಪ್ರೀತಿಯಿಂದ ಹೇಳಿದ" ಅಂತ ಸೇರಿಸಿದ್ದೀಯ. ಆ ಮಾತಿನ ಮೇಲೆ ನಿನಗೇ ನಂಬಿಕೆ ಸಾಲದೆ ಬಂದ ಸಾಲು ಅದು. ತೆಗೆದುಹಾಕು. ಆದರೆ ತೆಗೆದರಷ್ಟೇ ಆಗಲಿಲ್ಲ. ಕಾಗದದ ಮೇಲೆ ದನಿ ಕೇಳಿಸುವುದಿಲ್ಲ, ದನಿ ಮಾಡುವ ಕೆಲಸವನ್ನು ಬೇರೇನಾದರೂ ಮಾಡಬೇಕು. ಕನ್ನಡದಲ್ಲಿ ಆ ಕೆಲಸಕ್ಕೆ ಏಕವಚನ, ಬಹುವಚನ ಇವೆ.

ನಮ್ಮೂರಲ್ಲಿ ಸ್ಕೂಟರ್‌ಗೆ ಆಟೋ ತಾಗಿದರೆ ಜಗಳ ಗೀರು ಬಿದ್ದ ಬಗ್ಗೆ ಶುರುವಾಗಿ, ಎರಡೇ ನಿಮಿಷಕ್ಕೆ "ಏಕವಚನದಲ್ಲಿ ಮಾತಾಡ್ಬೇಡಿ" ಅನ್ನುವಲ್ಲಿಗೆ ಬರುತ್ತದೆ. ಗುರುತಿಲ್ಲದವನ ಬಾಯಲ್ಲಿ "ನೀನು" ಅನ್ನುವುದೇ ಬೈಗುಳ. ಅದೇ ಬೆಂಗಳೂರಿನಲ್ಲಿ ಜೀವದ ಗೆಳೆಯರಿಗೆ "ಲೋ", "ಬಾರೋ", "ಮಗಾ" ಇಲ್ಲದೆ ದಿನ ಹೋಗುವುದಿಲ್ಲ. ಅವರ ನಡುವೆ ಚುಚ್ಚುವುದು "ಬನ್ನಿ", "ಕೂತ್ಕೊಳ್ಳಿ". ಮರ್ಯಾದೆ ಕೊಟ್ಟೇ ಕಾಲೆಳೆಯುತ್ತಾರೆ. ಗೆಳೆಯ ಎಡವಟ್ಟು ಮಾಡಿಕೊಂಡಾಗ "ಭಾರೀ ಬುದ್ಧಿವಂತ ಕಣೋ ನೀನು" ಅಂದರೆ ಹೊಗಳಿಕೆಯಲ್ಲ. ಅವನಿಗೆ ಹೊಸ ಕೆಲಸ ಸಿಕ್ಕ ದಿನ "ಥೂ ಕಳ್ಳ ನನ್ಮಗನೆ, ಹೇಳಲೇ ಇಲ್ವಲ್ಲೋ" ಅಂದರೆ ಅದು ಅಪ್ಪಿಕೊಂಡ ಹಾಗೆ.

ಹಾಗಂತ ಬಹುವಚನ ಬಂತೆಂದರೆ ಕೊಂಕು ಅಂತ ಲೆಕ್ಕ ಹಾಕಬೇಡ. ನಲವತ್ತು ವರ್ಷದ ಸ್ನೇಹದಲ್ಲೂ "ಏನ್ರೀ, ಬನ್ರೀ" ಅಂತಲೇ ಮಾತಾಡುವವರನ್ನು ನೋಡಿದ್ದೇನೆ. ಅವರಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ಅರ್ಥ ತಿರುಗುವುದು ಆ ಇಬ್ಬರ ರೂಢಿ ತಪ್ಪಿದಾಗ. ಅಂದಮೇಲೆ ಓದುಗನ ಕಿವಿಗೆ ರೂಢಿ ಮೊದಲೇ ಬಿದ್ದಿರಬೇಕು. ನಿನ್ನ ಗೆಳೆಯರು ಕತೆಯಲ್ಲಿ ಬಾಯಿ ಬಿಡುವುದೇ ದರ್ಶಿನಿಯಲ್ಲಿ, ಅದಕ್ಕೇ ನಿನಗೆ ವಿವರಣೆ ಬೇಕಾಯಿತು. ಹಿಂದಿನ ಪುಟದಲ್ಲಿ ಒಂದು ಫೋನ್ ಮಾತು ಇಡು: "ಎಲ್ಲಿದ್ಯೋ?" "ಬಂದೆ ಕಣೋ, ಸೌತ್ ಎಂಡ್ ಸರ್ಕಲ್ ಹತ್ರ ಇದೀನಿ." ಇಷ್ಟು ಸಾಕು. ಆಮೇಲೆ ಬರುವ "ಸಾಹೇಬ್ರು" ತಾನೇ ಕೇಳಿಸುತ್ತದೆ.

ಭಾಷಾವಿಜ್ಞಾನಿ ಜೆಫ್ರಿ ಲೀಚ್ 1983ರಲ್ಲಿ ಈ ಸಲಿಗೆಯ ಬೈಗುಳಕ್ಕೆ ಒಂದು ಲಕ್ಷಣ ಹೇಳಿದ್ದ. ಅದು ಒರಟು ಅಂತ ಎದ್ದು ಕಾಣಬೇಕು, ಜೊತೆಗೆ ಸುಳ್ಳು ಅಂತಲೂ ಎದ್ದು ಕಾಣಬೇಕು. ಎರಡನೆಯದನ್ನು ನಾನು ನೋವಿನಲ್ಲಿ ಕಲಿತೆ. ಕಾಲೇಜಿನಿಂದಲೂ ಗೆಳೆಯನೊಬ್ಬನನ್ನು "ದಂಡಪಿಂಡ" ಅಂತಲೇ ಕರೆಯುತ್ತಿದ್ದೆ. ನಮ್ಮೆಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವನು ಅವನು, ಅದಕ್ಕೇ ಆ ಹೆಸರಿಗೆ ನಗು ಬರುತ್ತಿತ್ತು. ಒಂದು ವರ್ಷ ಅವನ ಕಾರ್ಖಾನೆ ಮುಚ್ಚಿತು. ಮೂರು ತಿಂಗಳಾದ ಮೇಲೆ ಅವನ ಮಗಳ ನಾಮಕರಣಕ್ಕೆ ಹೋದೆ. ಅವನ ಮಾವನ ಮನೆಯವರೆಲ್ಲ ಕೂತಿದ್ದರು. ಅವರೆದುರಿಗೇ "ಏನೋ ದಂಡಪಿಂಡ" ಅಂದುಬಿಟ್ಟೆ. ಪದ ಅದೇ, ದನಿ ಅದೇ, ಪ್ರೀತಿಯೂ ಅದೇ. ಆದರೆ ಆ ಮೂರು ತಿಂಗಳಲ್ಲಿ ಸುಳ್ಳು ನಿಜವಾಗಿಬಿಟ್ಟಿತ್ತು. ಕೇಳುತ್ತಿದ್ದ ಕಿವಿಗಳೂ ನಮ್ಮ ಗುಂಪಿನವಲ್ಲ. ಅವನು ತಿರುಗಿ ಬೈಯಲಿಲ್ಲ. ಎಲೆ ಹಾಕಿದ್ದ ಕಡೆ ಕೈ ತೋರಿಸಿ, "ಊಟ ಮಾಡ್ಕೊಂಡು ಹೋಗಿ" ಅಂದ. ಆ "ಹೋಗಿ"ಯಲ್ಲಿ ತಮಾಷೆ ಇರಲಿಲ್ಲ. ಮತ್ತೆ ಅವನ ಬಾಯಲ್ಲಿ "ಬಾರೋ" ಅನ್ನಿಸಿಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಅವನು ತಿರುಗಿ ಬೈಯಲಿಲ್ಲ ಅಂದೆನಲ್ಲ, ಬರೆಯುವಾಗ ಅದನ್ನು ನೆನಪಿಡು. ಕೊಂಕು ಆಟವಾಯಿತೋ ಗಾಯವಾಯಿತೋ ಅನ್ನುವುದು ಆಡಿದವನ ಮಾತಿನಲ್ಲಿ ಸಿಗುವುದಿಲ್ಲ, ಬಂದ ಉತ್ತರದಲ್ಲಿ ಸಿಗುತ್ತದೆ. ನಿನ್ನ ಕತೆಯಲ್ಲಿ ತಡವಾಗಿ ಬಂದವನು "ಕ್ಷಮಿಸು, ಟ್ರಾಫಿಕ್ ಇತ್ತು" ಅನ್ನುತ್ತಾನೆ. ಸಲಿಗೆಯಿರುವವನು ಸಮಜಾಯಿಷಿ ಕೊಡುವುದಿಲ್ಲ. "ನಿನ್ ಮುಖ ನೋಡೋಕೆ ಧೈರ್ಯ ತಂದ್ಕೋಬೇಕಲ್ಲ ಗುರು, ಅದಕ್ಕೇ ಲೇಟು" ಅನ್ನುತ್ತಾನೆ. ಮಾತು ಅದೇ ಎತ್ತರದಲ್ಲಿ ವಾಪಸು ಬಂದರೆ ಆಟ ನಡೆದಿದೆ ಅಂತ ಅರ್ಥ. ಇನ್ನು, ಕಾದು ನಿಂತವನ ಕೈಯಲ್ಲಿ ಎರಡು ಕಾಫಿಯ ಟೋಕನ್ ಇರಲಿ. ಬೈಯುತ್ತಲೇ ಒಂದನ್ನು ಕೌಂಟರ್ ಮೇಲೆ ಅವನ ಕಡೆ ಸರಿಸಲಿ. "ಪ್ರೀತಿಯಿಂದ" ಅನ್ನುವ ಪದ ಆಗ ಬೇಕಾಗುವುದಿಲ್ಲ.

ಕೊನೆಯಲ್ಲಿ ಇವರಿಬ್ಬರೂ ದುಡ್ಡಿನ ವಿಷಯಕ್ಕೆ ಮುನಿಯುವಾಗ ಒಂದೂವರೆ ಪುಟ ಕೂಗಾಟ ಬರೆದಿದ್ದೀಯ. ಗೆಳೆಯರು ಕೂಗಾಡುತ್ತಿರುವಷ್ಟು ಹೊತ್ತು ಸ್ನೇಹ ಉಳಿದಿದೆ ಅಂತಲೇ ಓದುಗನಿಗೆ ಅನ್ನಿಸುತ್ತದೆ. ಆ ಕೂಗಾಟ ತೆಗೆದು, ಅಲ್ಲಿಯವರೆಗೆ "ಲೋ" ಅನ್ನುತ್ತಿದ್ದವನ ಬಾಯಲ್ಲಿ ಮೆಲ್ಲಗೆ "ಪರವಾಗಿಲ್ಲ ಬಿಡಿ" ಅನ್ನಿಸಿ ನೋಡು. ತಿದ್ದಿದ ಪ್ರತಿ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ಬಸವನಗುಡಿಯಿಂದ ನಿನ್ನ ಅಣ್ಣ