ಮದುವೆ ಭಾಷಣದ ಉಳಿದ ಅರ್ಧ ಎಲ್ಲಿ?

ಭಾಷಣದ ಅರ್ಧ ಕಳಿಸಿ ಸುಮ್ಮನಾಗಿಬಿಟ್ಟೆಯಲ್ಲ, ಓದಿದೆ ಕಣೋ. ಮದುಮಗ ಈ ಗುಂಪಿನಲ್ಲಿಲ್ಲ, ಹಾಗಾಗಿ ಇಲ್ಲೇ ಹೇಳುತ್ತೇನೆ, ಹಾಸನದ ರಿಸೆಪ್ಷನ್‌ಗೆ ಬರುವವರೂ ಓದಿ.

ಗಣ್ಯರಿಗೆ ನಮಸ್ಕಾರ, ದಾಂಪತ್ಯ ಅಂದರೆ ಏನು, ಆ ಸಾಲುಗಳನ್ನೆಲ್ಲ ತೆಗೆ. ಶಿರಾಡಿ ಘಾಟಿಯಲ್ಲಿ ಬೈಕ್ ಕೆಟ್ಟಾಗ ಅವನು ತನ್ನ ರೈನ್‌ಕೋಟ್ ನಿನಗೆ ಹಾಕಿಸಿ ತಾನು ನೆನೆದುಕೊಂಡೇ ಗಾಡಿ ತಳ್ಳಿದ್ದು ಇದೆಯಲ್ಲ, ಅಲ್ಲಿಂದಲೇ ಶುರು ಮಾಡು. ಹಾಸ್ಟೆಲ್ ಕಥೆ ಬೇಡ. ಅದಕ್ಕೆ ನಾವು ನಾಲ್ಕು ಜನ ನಗುತ್ತೇವೆ, ಹುಡುಗಿ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ನೀನು ನಿಲ್ಲಿಸಿರುವುದು ಸರಿಯಾಗಿ ಮದುಮಗಳು ಬರಬೇಕಾದ ಜಾಗದಲ್ಲಿ. ಅವಳ ಪರಿಚಯ ಜಾಸ್ತಿ ಇಲ್ಲ ಅಂತ ಕೈ ನಿಂತಿದೆ ಅನ್ಸುತ್ತೆ. ಹೊಗಳಿಕೆ ಹುಡುಕಬೇಡ, ಅವಳು ಬಂದ ಮೇಲೆ ಇವನಲ್ಲಿ ನೀನೇ ಕಂಡ ಒಂದು ಬದಲಾವಣೆ ಬರಿ. ಫೋನೇ ಎತ್ತದವನು ಈಗ ಊರು ತಲುಪಿದ ಕೂಡಲೇ ಮೆಸೇಜ್ ಹಾಕುತ್ತಾನೆ, ಅಲ್ವಾ? ಅದೇ ಸಾಕು. ಆಮೇಲೆ ಇಬ್ಬರ ಹೆಸರೂ ಹೇಳಿ ಹಾರೈಸಿ ಮೈಕ್ ಕೊಟ್ಟುಬಿಡು.

ಫೋನಿನಲ್ಲಿ ಟೈಮರ್ ಇಟ್ಟು ಜೋರಾಗಿ ಓದು, 3 ನಿಮಿಷ ದಾಟಿದರೆ ಕತ್ತರಿಸು. ಫೋಟೋಗೆ ಸಾಲು ನಿಲ್ಲುವ ಮೊದಲೇ ಮಾತಾಡಬೇಕು, ಸಾಲು ಶುರುವಾದರೆ ಯಾರ ಕಿವಿಗೂ ಬೀಳಲ್ಲ. ಉಳಿದದ್ದು ಒರಟಾಗಿದ್ದರೂ ಪರವಾಗಿಲ್ಲ, ಇವತ್ತು ರಾತ್ರಿ ಹಾಕು, ಕೂತು ಓದುತ್ತೇನೆ.