ಕಾರ್ಡ್ ಪೇಮೆಂಟ್ ಫೇಲಾದ್ರ ಮತ್ತ ಮತ್ತ ಒತ್ತಬ್ಯಾಡ್ರಿ

ಎಲ್ಲರಿಗೂ ನಮಸ್ಕಾರ್ರೀ. ನಿನ್ನೆ ರಾತ್ರಿ ಮಗಳ ಸಲುವಾಗಿ ವಿದೇಶಿ ಯೂನಿವರ್ಸಿಟಿಗೆ 75 ಡಾಲರ್ ಅರ್ಜಿ ಶುಲ್ಕ ಕಟ್ಟಾಕ ಹೋದೆ. ಫೇಲಾಯ್ತು. ಸಿಟ್ಟಿಗೆ ಐದು ಸಲ ಒತ್ತಿದೆ, ಕಾರ್ಡೇ ಬ್ಲಾಕ್!

ಬ್ಯಾಂಕಿನ ರಿಸ್ಕ್ ಎಂಜಿನ್, ಅಂದ್ರ ಮೋಸ ಹಿಡಿಯೋ ಸಾಫ್ಟ್‌ವೇರ್, ಪ್ರತಿ ಪೇಮೆಂಟಿಗೂ ಸೆಕೆಂಡಿನಾಗ ಅನುಮಾನದ ಅಂಕ ಹಾಕ್ತದ. ಮೊತ್ತ, ಹೊತ್ತು, ಫೋನು, ದೇಶ ನಿಮ್ಮ ಹಳೇ ರೂಢಿಗೆ ಹೊಂದ್ತಾವೇನು ಅಂತ ನೋಡ್ತದ. ಅಂಕ ಕಮ್ಮಿ ಇದ್ರ ಪಾಸು, ನಡುವಿದ್ರ ಓಟಿಪಿ, ಜಾಸ್ತಿಯಾದ್ರ ನಿರಾಕರಣೆ. ನಮ್ಮ ದೇಶದ ಸೈಟಿನಾಗ ಓಟಿಪಿ ಸಾಮಾನ್ಯವಾಗಿ ಬಂದೇ ಬರ್ತದ. ವಿದೇಶಿಯವರು ಎಷ್ಟೋ ಸಲ ಕೇಳೋದೇ ಇಲ್ಲ, ಅಲ್ಲಿ ಅಂಕದ್ದೇ ಆಟ. ಹತ್ತು ನಿಮಿಷದಾಗ ಐದು ಪ್ರಯತ್ನ ಅಂದ್ರ ಕದ್ದ ಕಾರ್ಡ್ ನಡೀತದೇನಂತ ಪರೀಕ್ಷಿಸೋರ ಲಕ್ಷಣ.

ನನ್ನ ಮೊದಲ ಸಲದ ಕಾರಣ ಬೇರೇನೇ: ಆ್ಯಪಿನಾಗ ವಿದೇಶಿ ವ್ಯವಹಾರ ಆಫ್ ಇತ್ತು. ಮೊದಲು ಅದನ್ನ ನೋಡ್ರಿ.