ಮುಂದಕ್ಕೆ ಬಾಗಿದರೆ ಕಡಿಮೆಯಾಗುವ ಎದೆನೋವು

ಕಲಬುರಗಿ

ಚಿ. ಸವಿತಾಗೆ ಕಾಕಾನ ಆಶೀರ್ವಾದಗಳು.

ಶಹಾಪುರದ ಕಡೆಯ ಆ ಹುಡುಗನ ಇಸಿಜಿ ಫೋಟೋ ನೋಡಿದೆ. 26 ವರ್ಷ, ತೊಗರಿ ಹೊಲದ ಕೆಲಸ, ಹೋದ ವಾರ ಜ್ವರ-ನೆಗಡಿ ಬಂದು ಹೋಗಿದೆ. ಈಗ ಎರಡು ದಿನದಿಂದ ಎದೆ ಚುಚ್ಚುತ್ತದೆ. ಹೊರಸಿನ ಮೇಲೆ ಅಂಗಾತ ಮಲಗಿದರೆ ಜಾಸ್ತಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಹಗುರ. ರಾತ್ರಿಯೆಲ್ಲ ಮೊಣಕಾಲ ಮೇಲೆ ಕೈಯೂರಿ ಕೂತೇ ಕಳೆದಿದ್ದಾನೆ. ಪೆರಿಕಾರ್ಡೈಟಿಸ್ ಇರಬೇಕು, ಆದರೆ ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿದೆ, ಹಾರ್ಟ್ ಅಟ್ಯಾಕ್ ಆಗಿದ್ದರೆ ಏನು ಗತಿ ಅಂತ ಬರೆದಿದ್ದೀಯ. ಕೇಳಬೇಕಾದ ಪ್ರಶ್ನೆಯೇ ಅದು.

ಮೊದಲು ನೋವು ಎಲ್ಲಿಂದ ಬರುತ್ತದೆ ನೋಡು. ಪೆರಿಕಾರ್ಡೈಟಿಸ್‌ನಲ್ಲಿ ಬಾತಿರುವುದು ಹೃದಯದ ಸುತ್ತಲಿನ ಪೊರೆ. ಅಂಗಾತ ಮಲಗಿದಾಗ, ಉಸಿರು ಎಳೆದಾಗ, ಕೆಮ್ಮಿದಾಗ ಅದು ಎಳೆದುಕೊಳ್ಳುತ್ತದೆ, ಚುಚ್ಚುತ್ತದೆ. ಬಾಗಿ ಕೂತರೆ ಆ ಎಳೆತ ಕಡಿಮೆ. ನೋವು ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ದಿಂಡಿನ ಮೇಲೆ ಹರಡಿದರೆ ಇನ್ನೂ ಒಳ್ಳೆಯ ಸುಳಿವು, ಏಕೆಂದರೆ ಪೊರೆಯ ನರ ಆ ಜಾಗದ ನರಗಳ ಜೊತೆ ಒಂದೇ ಮೂಲದಿಂದ ಬರುತ್ತದೆ. ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ನೋವಿಗೆ ಹೇಗೆ ಕೂತರೂ ಒಂದೇ. ಅದು ಚುಚ್ಚುವುದಕ್ಕಿಂತ ಹೆಚ್ಚಾಗಿ ಎದೆ ಹಿಂಡುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ದವಡೆಗೆ, ತೋಳಿಗೆ ಹರಿಯುತ್ತದೆ.

ಇಷ್ಟು ಕೇಳಿ ಅಲ್ಲಿಗೇ ನಿಲ್ಲಬೇಡ, ತಂಗೀ. ಹಾರ್ಟ್ ಅಟ್ಯಾಕ್ ಆದವರಲ್ಲೂ ಕೆಲವರು "ಕೂತರೆ ಆರಾಮ" ಅನ್ನುತ್ತಾರೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಹೇಳುವ ನೋವಂತೂ ಪುಸ್ತಕದಂತೆ ಇರುವುದೇ ಇಲ್ಲ. ಭಂಗಿ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ಈಗ ಇಸಿಜಿ. ಇವನದರಲ್ಲಿ ಎಸ್‌ಟಿ ಎದ್ದಿರುವುದು ಒಂದು ರಕ್ತನಾಳದ ಪ್ರದೇಶದಲ್ಲಿ ಮಾತ್ರ ಅಲ್ಲ. I, II, aVF, V2ರಿಂದ V6ರವರೆಗೆ ಎಲ್ಲೆಡೆ ಸ್ವಲ್ಪ ಸ್ವಲ್ಪ ಎದ್ದಿದೆ, ಆಕಾರ ಒಳಗೆ ತಗ್ಗಿದ್ದು. ಅವೇ ಲೀಡ್‌ಗಳಲ್ಲಿ ಪಿಆರ್ ಕೆಳಗಿಳಿದಿದೆ, aVRನಲ್ಲಿ ಮಾತ್ರ ಮೇಲೆದ್ದಿದೆ. ಒಂದು ರಕ್ತನಾಳ ಮುಚ್ಚಿದ್ದರೆ ಅದರ ಪ್ರದೇಶದ ಲೀಡ್‌ಗಳಲ್ಲಿ ಎದ್ದು, ಎದುರು ಲೀಡ್‌ಗಳಲ್ಲಿ ಸಾಮಾನ್ಯವಾಗಿ ಇಳಿದಿರುತ್ತಿತ್ತು. ಕೆಳಗಿನ ಲೀಡ್‌ಗಳಲ್ಲಿ ಎಸ್‌ಟಿ ಎದ್ದಾಗ ಎರಡು ಕಡೆ ಕಣ್ಣು ಹಾಯಿಸು. IIಕ್ಕಿಂತ III ಜಾಸ್ತಿ ಎದ್ದಿದೆಯೇ? aVLನಲ್ಲಿ ಇಳಿದಿದೆಯೇ? ಇದರಲ್ಲಿ ಒಂದಕ್ಕಾದರೂ ಹೌದು ಅಂತ ಬಂದರೆ, ರೋಗಿ ಎಷ್ಟೇ ಬಾಗಿ ಕೂತಿರಲಿ, ಪೆರಿಕಾರ್ಡೈಟಿಸ್ ಅನ್ನೋ ಮಾತು ಬಿಡು. ಇವನಲ್ಲಿ ಎರಡೂ ಇಲ್ಲ.

ಆದರೂ ಕಾಲು ಗಂಟೆ, ಅರ್ಧ ಗಂಟೆ ಬಿಟ್ಟು ಇನ್ನೊಂದು ಇಸಿಜಿ ತೆಗೆ. ರಕ್ತನಾಳ ಮುಚ್ಚಿದ್ದರೆ ಗೆರೆ ಅಷ್ಟರಲ್ಲೇ ಬದಲಾಗಬಹುದು. ಪೆರಿಕಾರ್ಡೈಟಿಸ್‌ನದು ದಿನಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ಟ್ರೋಪೋನಿನ್ ರಕ್ತಪರೀಕ್ಷೆಯ ಮೇಲೇ ಪೂರ್ತಿ ನಂಬಿಕೆ ಇಡಬೇಡ. ಪೊರೆಯ ಜೊತೆ ಸ್ನಾಯುವೂ ಬಾತಿದ್ದರೆ ಅದು ಏರುತ್ತದೆ.

ಸ್ಟೆತೊಸ್ಕೋಪ್ ಇಡುವುದರಲ್ಲಿ ಅವಸರ ಮಾಡಬೇಡ. ಹುಡುಗನನ್ನು ಬಾಗಿಸಿ ಕೂಡಿಸು, ಉಸಿರು ಪೂರ್ತಿ ಬಿಟ್ಟು ಹಿಡಿಯಲು ಹೇಳು, ಎದೆಮೂಳೆಯ ಎಡಗಡೆ ಕೆಳಗೆ ಒತ್ತಿ ಇಡು. ಹೊಸ ಚಪ್ಪಲಿ ಕಿರುಗುಟ್ಟಿದಂಥ ಸದ್ದು ಬಂದರೆ ಅದೇ ರಬ್. ಬೆಳಗ್ಗೆ ಕೇಳಿದ್ದು ಮಧ್ಯಾಹ್ನ ಇಲ್ಲದೆಯೂ ಇರಬಹುದು, ಅದಕ್ಕೆ ಮತ್ತೆ ಮತ್ತೆ ಕೇಳು. ಈಗಿನ ಹುಡುಗರು ಎಕೋ ಬರುತ್ತಲ್ಲ ಅಂತ ಸುಮ್ನೆ ಬಿಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಅಟ್ಯಾಕ್‌ಗೆ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹೆಪ್ಪು ಕರಗಿಸುತ್ತದೆ. ಬಾತ ಪೊರೆಯೊಳಗೆ ರಕ್ತ ಸುರಿದರೆ ಹೃದಯ ಅದುಮಿಹೋಗುತ್ತದೆ. ಅತ್ತ, ನಿಜವಾದ ಅಟ್ಯಾಕನ್ನು ಪೊರೆಯ ನೋವು ಅಂತ ಮನೆಗೆ ಕಳಿಸಿದರೂ ಜೀವಕ್ಕೆ ಕುತ್ತು. ಅನುಮಾನ ಉಳಿದರೆ ಎರಡೂ ಇಸಿಜಿಗಳನ್ನು ಕಲಬುರಗಿಯ ಜಯದೇವಕ್ಕೆ ತೋರಿಸಿ, ಅಲ್ಲಿಯವರ ಮಾತು ಕೇಳದೆ ಆ ಇಂಜೆಕ್ಷನ್ ಮುಟ್ಟಬೇಡ.

ಪೆರಿಕಾರ್ಡೈಟಿಸ್ ಅಂತ ಖಚಿತವಾದರೆ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲ ಅಂತ ಕೇಳಿಕೊಂಡು ಐಬುಪ್ರೊಫೆನ್ 600 ಮಿಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಹೊಟ್ಟೆ ಕಾಯುವ ಮಾತ್ರೆ. ನೋವು ಹೋದ ಮೇಲೆ ನಿಧಾನಕ್ಕೆ ಇಳಿಸು. ಕೊಲ್ಚಿಸಿನ್ 0.5 ಮಿಗ್ರಾಂ, ಇವನ ತೂಕ 70 ಕಿಲೋಗಿಂತ ಕಡಿಮೆ ಅಂದಿದ್ದೀಯ, ಹಾಗಾಗಿ ದಿನಕ್ಕೆ ಒಂದೇ, 3 ತಿಂಗಳು. ನೋವು ನಿಂತ ಕೂಡಲೇ ಇವರು ಮಾತ್ರೆ ಬಿಡುತ್ತಾರೆ, ಮತ್ತೆ ಮರುಕಳಿಸುತ್ತದೆ. ಭೇದಿ ಶುರುವಾದರೆ ಬಂದು ಹೇಳಲಿ. ಸ್ಟೆರಾಯ್ಡ್‌ಗೆ ಮೊದಲೇ ಕೈ ಹಾಕಬೇಡ. ನೋವು ಹೋಗಿ ಪರೀಕ್ಷೆಗಳು ಸರಿಯಾಗುವವರೆಗೆ ಮೂಟೆ ಹೊರುವ ಕೆಲಸ ಬೇಡ.

ಎಕೋ ಮಾಡಿಸಲೇಬೇಕು, ಪೊರೆಯಲ್ಲಿ ನೀರು ಎಷ್ಟಿದೆ ತಿಳಿಯಬೇಕು. ಬಿಪಿ ಇಳಿದು, ಕುತ್ತಿಗೆಯ ರಕ್ತನಾಳ ಉಬ್ಬಿ, ಹೃದಯದ ಸದ್ದು ಮಂದವಾದರೆ ಎಕೋ ತಾರೀಖಿಗೆ ಕಾಯದೆ ತಕ್ಷಣ 108ರಲ್ಲಿ ಕಳಿಸು. ಇನ್ನೊಂದು, ಸಂಜೆ ಜ್ವರ, ತೂಕ ಇಳಿದದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದದ್ದು, ಇವನ್ನು ಕೇಳಿದೆಯಾ? ನೀನು ಬರೆದದ್ದರಲ್ಲಿ ಕಾಣಲಿಲ್ಲ. ನಮ್ಮ ಕಡೆ ಪೊರೆಯಲ್ಲಿ ನೀರು ತುಂಬಿದರೆ ಟಿಬಿ ಮರೆಯುವ ಹಾಗಿಲ್ಲ. ಕೇಳಿ, ಎರಡನೇ ಇಸಿಜಿ ಜೊತೆ ಬರೆದು ಕಳಿಸು.

ನಿನ್ನ
ಕಾಕಾ